ವೈರಲ್ ಆದ ಪೋಸ್ಟ್ ಮತ್ತು ಒಮ್ಮೆಲೇ ಬರುವ ಬೇಡಿಕೆ: ಸ್ವಸಹಾಯ ಸಂಘಗಳು ಅನುಸರಿಸಬೇಕಾದ ಕ್ರಮ

ಸಂಜೀವಿನಿ ಯೋಜನೆಯಡಿಯ ಸ್ವಸಹಾಯ ಸಂಘಗಳು ತಮ್ಮ ಉತ್ಪನ್ನಗಳ ಚಿತ್ರ ಮತ್ತು ವಿಡಿಯೋಗಳನ್ನು ಫೇಸ್‌ಬುಕ್ ಹಾಗೂ ಇನ್‌ಸ್ಟಾಗ್ರಾಮ್‌ಗಳಲ್ಲಿ ಹಾಕುವುದು ಈಗ ಸಾಮಾನ್ಯವಾಗಿದೆ. ಇಂತಹ ಪೋಸ್ಟ್‌ಗಳನ್ನು ಬಹುತೇಕ ಪರಿಚಿತರಷ್ಟೇ ನೋಡುತ್ತಾರೆ. ಆದರೆ ಯಾವುದೋ ಒಂದು ವಿಡಿಯೋ ಒಂದೇ ರಾತ್ರಿಯಲ್ಲಿ ಸಾವಿರಾರು ಜನರನ್ನು ತಲುಪಿ, ಬೆಳಗಾಗುವಷ್ಟರಲ್ಲಿ "ಬೆಲೆ ಎಷ್ಟು?", "ನಮಗೂ ಕಳುಹಿಸಿ" ಎಂಬ ಕಾಮೆಂಟ್‌ಗಳು ತುಂಬಿಕೊಳ್ಳುವ ಸಂದರ್ಭವೂ ಒದಗಬಹುದು. ಆಗ ಮೊದಲ ಎರಡು ದಿನಗಳಲ್ಲಿ ಸಂಘವು ಕೈಗೊಳ್ಳುವ ನಿರ್ಧಾರಗಳೇ ಮುಂದಿನ ಲಾಭ ಅಥವಾ ನಷ್ಟವನ್ನು ನಿರ್ಧರಿಸುತ್ತವೆ. ಸಂಘಗಳ ಸದಸ್ಯೆಯರು ಹಾಗೂ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರ ಅನುಕೂಲಕ್ಕಾಗಿ ಈ ಕ್ರಮವನ್ನು ಇಲ್ಲಿ ಒಂದು ಉದಾಹರಣೆಯ ಮೂಲಕ ವಿವರಿಸಲಾಗಿದೆ.

1. ಉತ್ತರಿಸುವ ಮೊದಲು ಲೆಕ್ಕ

ಕಾಮೆಂಟ್ ಎಂಬುದು ಬೇಡಿಕೆಯಲ್ಲ. ಹಣ ಸಂದಾಯವಾಗಿ, ಸಂಘದ ಪುಸ್ತಕದಲ್ಲಿ ಕ್ರಮಸಂಖ್ಯೆ ಪಡೆದದ್ದು ಮಾತ್ರ ಬೇಡಿಕೆ. ಆ ಪುಸ್ತಕದಲ್ಲಿ ಎಷ್ಟು ಸಾಲುಗಳಿರಬೇಕು ಎಂಬುದನ್ನು ಕಾಮೆಂಟ್‌ಗಳ ಸಂಖ್ಯೆಯಿಂದಲ್ಲ, ಸಂಘದ ತಯಾರಿಕಾ ಸಾಮರ್ಥ್ಯದಿಂದ ನಿಶ್ಚಯಿಸಬೇಕು. ಆದುದರಿಂದ ಯಾರಿಗೂ "ಆಗಲಿ, ಕಳುಹಿಸುತ್ತೇವೆ" ಎನ್ನುವ ಮೊದಲು ಸದಸ್ಯೆಯರು ಒಟ್ಟಿಗೆ ಕುಳಿತು ಲೆಕ್ಕ ಹಾಕುವುದು ಅವಶ್ಯ.

ಲೆಕ್ಕಕ್ಕಾಗಿ ಮಲೆನಾಡಿನಲ್ಲಿ ಹಲಸಿನ ಹಪ್ಪಳ ತಯಾರಿಸುವ ಹತ್ತು ಸದಸ್ಯೆಯರ ಒಂದು ಸಂಘವನ್ನು ಕಲ್ಪಿಸಿಕೊಳ್ಳೋಣ. ಏಪ್ರಿಲ್ ಕೊನೆಯ ವಾರದಲ್ಲಿ ಈ ಸಂಘದ ವಿಡಿಯೋ ವೈರಲ್ ಆಗಿ 1,900 ಜನರು ಹಪ್ಪಳ ಕೇಳಿದ್ದಾರೆ ಎಂದುಕೊಳ್ಳೋಣ. ಬಲಿತ, ಆದರೆ ಇನ್ನೂ ಹಣ್ಣಾಗದ ಹಲಸಿನ ತೊಳೆಗಳನ್ನು ಬೇಯಿಸಿ, ಉಪ್ಪು ಖಾರ ಸೇರಿಸಿ ರುಬ್ಬಿ, ಉಂಡೆ ಮಾಡಿ ಒತ್ತಿ, ಚಾಪೆಯ ಮೇಲೆ ಬಿಸಿಲಿನಲ್ಲಿ ಒಣಗಿಸಬೇಕು. ಹತ್ತು ಜನ ಸೇರಿದರೆ ದಿನಕ್ಕೆ 1,200 ಹಪ್ಪಳ ಒತ್ತಬಲ್ಲರು. ಆದರೆ ಅವರಲ್ಲಿರುವ ಚಾಪೆಗಳ ಮೇಲೆ 1,600 ಹಪ್ಪಳಗಳಿಗಷ್ಟೇ ಜಾಗವಿದೆ, ಮತ್ತು ಪ್ರತಿ ಹಪ್ಪಳಕ್ಕೂ ಎರಡು ದಿನದ ಬಿಸಿಲು ಬೇಕು. ಹಾಗಾಗಿ ದಿನವೊಂದಕ್ಕೆ ಒಣಗಿ ಸಿದ್ಧವಾಗುವುದು 800 ಮಾತ್ರ. ಇನ್ನೂ ನಾಲ್ಕು ಜನರನ್ನು ಕೆಲಸಕ್ಕೆ ಕರೆದರೂ ಈ ಸಂಖ್ಯೆ ಹೆಚ್ಚುವುದಿಲ್ಲ. ಎಲ್ಲಕ್ಕಿಂತ ನಿಧಾನವಾಗಿ ಸಾಗುವ ಹಂತವೇ ಸಂಘದ ನಿಜವಾದ ಸಾಮರ್ಥ್ಯ.

ಮಳೆಗಾಲಕ್ಕೆ ಮುಂಚೆ 25 ದಿನಗಳು ಉಳಿದಿದ್ದು, ಮೋಡ ಮತ್ತು ಅಕಾಲಿಕ ಮಳೆಗಾಗಿ ಐದು ದಿನ ಕಳೆದರೆ 20 ದಿನ. 20 ದಿನಕ್ಕೆ 16,000 ಹಪ್ಪಳ, ದಾಸ್ತಾನಿನಲ್ಲಿ 3,000, ಒಟ್ಟು 19,000. ಹಳೆಯ ಗ್ರಾಹಕರಿಗೆ ಮತ್ತು ಪೇಟೆಯ ಅಂಗಡಿಗೆ ಈಗಾಗಲೇ ಒಪ್ಪಿಕೊಂಡಿರುವ 4,000 ಕಳೆದರೆ 15,000. ಮುರಿಯುವ ಮತ್ತು ಸರಿಯಾಗಿ ಬಾರದ ಹಪ್ಪಳಗಳಿಗಾಗಿ ಹತ್ತನೇ ಒಂದು ಭಾಗ ಬಿಟ್ಟರೆ ಉಳಿಯುವುದು 13,500. 50 ಹಪ್ಪಳಗಳ ಕಟ್ಟಿನಂತೆ 270 ಕಟ್ಟುಗಳು. 1,900 ಜನರ ಮುಂದೆ ಸಂಘವು ಒಪ್ಪಿಕೊಳ್ಳಬಹುದಾದದ್ದು ಇಷ್ಟೇ. ಒಬ್ಬರಿಗೆ ಎರಡು ಕಟ್ಟುಗಳ ಮಿತಿ ಹಾಕಿದರೆ ಇದು ಹೆಚ್ಚು ಮನೆಗಳಿಗೆ ತಲುಪುತ್ತದೆ.

ಹಳೆಯ ಗ್ರಾಹಕರ ಪಾಲನ್ನು ಮೊದಲು ಕಳೆದಿರುವುದನ್ನು ಗಮನಿಸಬೇಕು. ವೈರಲ್ ಆದ ವಾರದ ಗ್ರಾಹಕರಲ್ಲಿ ಹಲವರು ಮತ್ತೆ ಬಾರದಿರಬಹುದು. ಪೇಟೆಯ ಅಂಗಡಿಯವರು ಮುಂದಿನ ವರ್ಷವೂ ಬರುವವರು.

2. ಕಾಮೆಂಟ್‌ಗಳಿಗೆ ಒಂದೇ ಉತ್ತರ, ಬೇಡಿಕೆಗೆ ಒಂದೇ ದಾರಿ

ಸಾವಿರಾರು ಕಾಮೆಂಟ್‌ಗಳಿಗೆ ಬೇರೆ ಬೇರೆ ಸದಸ್ಯೆಯರು ಬೇರೆ ಬೇರೆ ಉತ್ತರ ನೀಡತೊಡಗಿದರೆ ಒಂದೇ ವಸ್ತುವಿಗೆ ಮೂರು ಬೆಲೆಗಳು ಪ್ರಕಟವಾಗುತ್ತವೆ. ಇದರ ಬದಲು ಒಂದೇ ಉತ್ತರ ಬರೆದು, ಅದನ್ನು ಕಾಮೆಂಟ್‌ಗಳ ಮೇಲ್ಭಾಗದಲ್ಲಿ ಪಿನ್ ಮಾಡಿ, ಪೋಸ್ಟ್‌ನ ಬರಹದಲ್ಲಿಯೂ ಸೇರಿಸಬೇಕು. ಅದರಲ್ಲಿ ನಾಲ್ಕು ಸಂಗತಿಗಳು ಸಾಕು: ಕಟ್ಟಿನ ಬೆಲೆ ಮತ್ತು ಅಂಚೆ ವೆಚ್ಚ, ಈ ವಾರ ಲಭ್ಯವಿರುವ ಕಟ್ಟುಗಳ ಸಂಖ್ಯೆ, ರವಾನೆಯ ದಿನಾಂಕ ಮತ್ತು ಬೇಡಿಕೆ ಸಲ್ಲಿಸುವ ಒಂದೇ ವಾಟ್ಸ್‌ಆ್ಯಪ್ ಸಂಖ್ಯೆ.

ಈ ಸಂಖ್ಯೆಯು ಯಾವುದೇ ಸದಸ್ಯೆಯ ಮನೆಯ ಫೋನಿನದ್ದಾಗಿರಬಾರದು. ಸಂಘದ ಹೆಸರಿನಲ್ಲಿ ಪ್ರತ್ಯೇಕ ಸಿಮ್ ಪಡೆದು, ಉಚಿತವಾಗಿ ದೊರೆಯುವ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಬಳಸುವುದು ಸೂಕ್ತ. ಪೋಸ್ಟ್‌ನಲ್ಲಿ ಈ ಬಗೆಯ ಕೊಂಡಿ ನೀಡಿದರೆ, ಅದನ್ನು ಒತ್ತಿದವರ ಫೋನಿನಲ್ಲಿ ಸಂದೇಶವು ಮೊದಲೇ ಬರೆದು ಸಿದ್ಧವಾಗಿರುತ್ತದೆ:

```
https://wa.me/91XXXXXXXXXX?text=HAPPALA
```

ರಾತ್ರಿ ಹೊತ್ತಿನ ಸಂದೇಶಗಳಿಗೆ ಆ್ಯಪಿನ Away message ತಾನಾಗಿಯೇ ಉತ್ತರಿಸುತ್ತದೆ. ಪದೇ ಪದೇ ಬರುವ ಪ್ರಶ್ನೆಗಳಿಗೆ Quick replies ಎಂಬಲ್ಲಿ ಉತ್ತರಗಳನ್ನು ಉಳಿಸಿಡಬಹುದು. ಪ್ರತಿ ಸಂಭಾಷಣೆಗೂ New order, Pending payment, Paid, Order complete ಎಂಬ ಲೇಬಲ್‌ಗಳಲ್ಲಿ ಒಂದನ್ನು ಹಚ್ಚಿದರೆ ಯಾರ ಕೆಲಸ ಎಲ್ಲಿಗೆ ಬಂದಿದೆ ಎಂಬುದು ತಕ್ಷಣ ತಿಳಿಯುತ್ತದೆ. ಇಷ್ಟಾದರೂ ಅಂತಿಮ ದಾಖಲೆ ಸಂಘದ ಪುಸ್ತಕವೇ ಆಗಿರಬೇಕು: ಕ್ರಮಸಂಖ್ಯೆ, ಹೆಸರು, ಪಿನ್‌ಕೋಡ್ ಸಹಿತ ವಿಳಾಸ, ಕಟ್ಟುಗಳು, ಪಾವತಿ ಸಂಖ್ಯೆ, ರವಾನೆಯ ದಿನಾಂಕ.

ಕಟ್ಟುಗಳು ಮುಗಿದ ನಂತರ ಪೋಸ್ಟ್ ಅಳಿಸುವುದು ಸರಿಯಲ್ಲ. ಹಣ ಕೊಟ್ಟು ಕಾಯುತ್ತಿರುವವರಿಗೆ ಅದು ವಂಚನೆಯಂತೆ ಕಾಣುತ್ತದೆ. "ಈ ವಾರದ ಹಂಚಿಕೆ ಮುಗಿದಿದೆ, ಮುಂದಿನ ಹಂಚಿಕೆ ಸೋಮವಾರ" ಎಂದು ಬರಹ ಬದಲಿಸಿದರೆ ಸಾಕು. ದೂರಿನ ಕಾಮೆಂಟ್‌ಗಳನ್ನೂ ಅಳಿಸದೆ, ಕ್ರಮಸಂಖ್ಯೆ ಕೇಳಿ, ಪರಿಹರಿಸಿದ ನಂತರ ಅಲ್ಲಿಯೇ ತಿಳಿಸುವುದು ಒಳಿತು.

3. ಹಣ: ಎಷ್ಟು, ಯಾವಾಗ, ಯಾವ ಖಾತೆಗೆ

ಮುಂಗಡ ಹಣವನ್ನು ಆ ವಾರ ಕಳುಹಿಸಬಹುದಾದ ಕಟ್ಟುಗಳಿಗೆ ಮಾತ್ರ ಪಡೆಯಬೇಕು. ನಮ್ಮ ಉದಾಹರಣೆಯಲ್ಲಿ 270 ಕಟ್ಟುಗಳನ್ನು ವಾರಕ್ಕೆ 75ರಂತೆ ಹಂಚಬಹುದು. ಕಟ್ಟಿಗೆ ₹200 ಎಂದಾದರೆ ಒಂದು ವಾರದಲ್ಲಿ ಪಡೆಯುವ ಮುಂಗಡ ₹15,000. ಇದಕ್ಕೆ ವಿರುದ್ಧವಾಗಿ, ಕೇಳಿದ 1,900 ಜನರಿಂದಲೂ ತಲಾ ಒಂದು ಕಟ್ಟಿಗೆ ಹಣ ಪಡೆದರೆ ₹3,80,000 ಸೇರುತ್ತದೆ. ತಲುಪಿಸಲು ಸಾಧ್ಯವಿರುವುದು ₹54,000 ಮೌಲ್ಯದ ಕಟ್ಟುಗಳು. ಉಳಿದ ₹3,26,000 ಮೊತ್ತವನ್ನು 1,630 ಜನರಿಗೆ ಒಬ್ಬೊಬ್ಬರಿಗೇ ಮರಳಿಸಬೇಕಾಗುತ್ತದೆ. ಸಾಮಾನ್ಯ ಯುಪಿಐ ಪಾವತಿಗೆ ದಿನಕ್ಕೆ ₹1 ಲಕ್ಷದ ಮಿತಿಯಿದ್ದು, ದಿನದ ಪಾವತಿಗಳ ಸಂಖ್ಯೆಗೂ ಬ್ಯಾಂಕುಗಳ ಮಿತಿ ಇರುತ್ತದೆ. ಮರಳಿಸುವ ಕೆಲಸವೇ ವಾರಗಟ್ಟಲೆ ನಡೆದು, ಅಷ್ಟರಲ್ಲಿ ಸಂಘದ ಹೆಸರು ಕೆಡುತ್ತದೆ. ಈ ಮುಂಗಡವು ರವಾನೆಯಾಗುವವರೆಗೆ ಗ್ರಾಹಕರದ್ದೇ ಆದುದರಿಂದ ಅದನ್ನು ಸಾಲದ ಕಂತಿಗೆ ಬಳಸಬಾರದು.

ಹಣವು ಸಂಘದ ಬ್ಯಾಂಕ್ ಖಾತೆಗೇ ಬರಬೇಕು. ಗ್ರಾಹಕರು ಕಳುಹಿಸುವ ಸ್ಕ್ರೀನ್‌ಶಾಟ್ ಪಾವತಿಯ ಪುರಾವೆಯಲ್ಲ. ಅದನ್ನು ತಿದ್ದುವುದು ಸುಲಭ. ಪ್ರತಿ ಯುಪಿಐ ಪಾವತಿಗೂ 12 ಅಂಕಿಗಳ ಯುಟಿಆರ್ ಸಂಖ್ಯೆ ಇರುತ್ತದೆ. ಖಾತೆಯ ವಿವರದಲ್ಲಿ ಆ ಸಂಖ್ಯೆ ಕಂಡ ನಂತರವೇ ಪುಸ್ತಕದಲ್ಲಿ ಬರೆಯಬೇಕು. "ತಪ್ಪಾಗಿ ₹2,000 ಕಳುಹಿಸಿದೆ, ₹1,800 ಮರಳಿಸಿ" ಎಂಬ ಕರೆ ಬಂದಲ್ಲಿ ಮೊದಲು ಖಾತೆ ನೋಡಬೇಕು. ಹಣ ಪಡೆಯಲು ಯುಪಿಐ ಪಿನ್ ನೀಡುವ ಅಗತ್ಯ ಎಂದಿಗೂ ಇರುವುದಿಲ್ಲ.

ಇನ್ನೊಂದು ಅಪಾಯವು ಗ್ರಾಹಕರಿಗೆ ಸಂಬಂಧಿಸಿದ್ದು. ಸಂಘದ ಹೆಸರು ಮತ್ತು ಚಿತ್ರ ಬಳಸಿ ನಕಲಿ ಖಾತೆ ತೆರೆದು, ಕಾಮೆಂಟ್ ಮಾಡಿದವರಿಗೆ ತಮ್ಮ ಕ್ಯೂಆರ್ ಕೋಡ್ ಕಳುಹಿಸುವವರಿದ್ದಾರೆ. "ಹಣ ಕಟ್ಟಿದೆ, ಉತ್ತರವಿಲ್ಲ" ಎಂದು ಪುಸ್ತಕದಲ್ಲಿ ಇಲ್ಲದವರು ದೂರಿದರೆ ಇದೇ ಮೊದಲ ಸೂಚನೆ. ಕೂಡಲೇ ಪಿನ್ ಮಾಡಿದ ಬರಹದಲ್ಲಿ ಎಚ್ಚರಿಕೆ ಸೇರಿಸಿ, ನಕಲಿ ಖಾತೆಯನ್ನು ವರದಿ ಮಾಡಿ, ಹಣ ಕಳೆದುಕೊಂಡವರಿಗೆ 1930 ಸಹಾಯವಾಣಿಗೆ ಅಥವಾ cybercrime.gov.in ಜಾಲತಾಣದಲ್ಲಿ ದೂರು ನೀಡಲು ತಿಳಿಸಬೇಕು.

4. ರವಾನೆ ಮತ್ತು ಗುಣಮಟ್ಟ

ಕೊರಿಯರ್ ವೆಚ್ಚವು ತೂಕದಿಂದ ಮಾತ್ರವಲ್ಲ, ಪೆಟ್ಟಿಗೆಯ ಗಾತ್ರದಿಂದಲೂ ನಿಗದಿಯಾಗುತ್ತದೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ಗಳಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವ ಕಿಲೋ ಮತ್ತು ನಿಜವಾದ ತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ದರ ವಿಧಿಸುವುದು ಸಾಮಾನ್ಯ ರೂಢಿ. ಅರ್ಧ ಕಿಲೋ ಹಪ್ಪಳವನ್ನು 30×25×20 ಅಳತೆಯ ಪೆಟ್ಟಿಗೆಯಲ್ಲಿ ಸಡಿಲವಾಗಿ ಇಟ್ಟರೆ ಅದನ್ನು 3 ಕಿಲೋ ಎಂದು ಎಣಿಸಲಾಗುತ್ತದೆ. ಒತ್ತಾಗಿ ಜೋಡಿಸಿ 16×16×15 ಅಳತೆಯ ಪೆಟ್ಟಿಗೆಯಲ್ಲಿ ಇಟ್ಟರೆ 0.77 ಕಿಲೋ. ಹಪ್ಪಳ ಮುರಿಯುವುದೂ ಇದರಿಂದ ಕಡಿಮೆಯಾಗುತ್ತದೆ. ಮೊದಲ ಪೆಟ್ಟಿಗೆಯನ್ನು ಕಟ್ಟಿ, ಅಂಚೆ ಕಚೇರಿಯಲ್ಲಿ ದರ ವಿಚಾರಿಸಿದ ನಂತರವೇ ರವಾನೆ ವೆಚ್ಚವನ್ನು ಪ್ರಕಟಿಸಬೇಕು.

ಆತುರದಲ್ಲಿ ಎರಡು ದಿನದ ಬಿಸಿಲನ್ನು ಒಂದಕ್ಕೆ ಇಳಿಸುವುದೇ ದೊಡ್ಡ ತಪ್ಪು. ಸರಿಯಾಗಿ ಒಣಗಿದ ಹಪ್ಪಳ ಮುರಿದಾಗ ಟಕ್ಕೆಂದು ಸದ್ದಾಗುತ್ತದೆ. ಬಾಗಿದರೆ ಒಳಗೆ ತೇವವಿದೆ ಎಂದರ್ಥ. ಬಿಸಿಲಿನಿಂದ ತೆಗೆದ ಹಪ್ಪಳವನ್ನು ಆರಲು ಬಿಡದೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೂ ಒಳಗೆ ನೀರು ಕಟ್ಟಿ, ದಾರಿಯಲ್ಲಿಯೇ ಬೂಸ್ಟು ಹಿಡಿಯುತ್ತದೆ. ಹೊರಗಿನಿಂದ ಹಪ್ಪಳ ಕೊಂಡು ಸಂಘದ ಚೀಟಿ ಅಂಟಿಸುವುದೂ ಸಲ್ಲದು. ಚೀಟಿಯ ಮೇಲಿನ 14 ಅಂಕಿಗಳ ಆಹಾರ ಸುರಕ್ಷತಾ ನೋಂದಣಿ ಸಂಖ್ಯೆಯು ಸಂಘದ ಸ್ವಂತ ತಯಾರಿಕೆಗೆ ಸಂಬಂಧಿಸಿದ್ದು.

ಹೊರರಾಜ್ಯಗಳ ಬೇಡಿಕೆ ಬಂದಾಗ ತೆರಿಗೆಯ ವಿಷಯವೂ ಬರುತ್ತದೆ. ಹಪ್ಪಳಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಆದರೆ ಅದರ ಜೊತೆಗೆ ಉಪ್ಪಿನಕಾಯಿಯಂತಹ ತೆರಿಗೆಯುಳ್ಳ ಆಹಾರ ಪದಾರ್ಥವನ್ನು ಹೊರರಾಜ್ಯಕ್ಕೆ ಮಾರುವುದಾದರೆ, ವಹಿವಾಟು ಎಷ್ಟೇ ಕಡಿಮೆಯಿದ್ದರೂ ಮೊದಲು ನೋಂದಣಿ ಪಡೆಯಬೇಕಾಗುತ್ತದೆ. ನೋಂದಣಿ ಇಲ್ಲದ ಸಂಘಗಳು ಅಂತಹ ಪದಾರ್ಥಗಳನ್ನು ರಾಜ್ಯದೊಳಗಿನ ವಿಳಾಸಗಳಿಗೆ ಮಾತ್ರ ಕಳುಹಿಸುವುದು ಸೂಕ್ತ.

5. ಅಲೆ ಇಳಿದ ನಂತರ

ವೈರಲ್ ಪೋಸ್ಟ್‌ನ ಭರಾಟೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಆ ದಿನಗಳ ಬೇಡಿಕೆಯನ್ನೇ ಆಧಾರವಾಗಿಟ್ಟು ಯಂತ್ರ ಕೊಳ್ಳಲು ಸಾಲ ಪಡೆದರೆ, ಬೇಡಿಕೆ ಇಳಿದ ನಂತರವೂ ಕಂತು ಉಳಿಯುತ್ತದೆ. ಹಪ್ಪಳ ತಲುಪಿದವರಲ್ಲಿ ಎಷ್ಟು ಜನ ಎರಡನೇ ಬಾರಿ ಕೇಳಿದರು ಎಂಬುದನ್ನು ಪುಸ್ತಕದಿಂದ ಎಣಿಸಬೇಕು. ಈ ಬಾರಿ ಸಿಗದವರ ಹೆಸರುಗಳನ್ನು, ಅವರು ಒಪ್ಪಿದಲ್ಲಿ, ಹಣ ಪಡೆಯದೆ ಮುಂದಿನ ಹಂಗಾಮಿನ ಪಟ್ಟಿಯಲ್ಲಿ ಬರೆದಿಡಬಹುದು. ಮುಂದಿನ ಫೆಬ್ರವರಿಯಲ್ಲಿ ಆ ಪಟ್ಟಿಯವರಿಗೆ ಸಂದೇಶ ಕಳುಹಿಸಿ, ಬಂದ ಉತ್ತರಗಳನ್ನು ಎಣಿಸಿದ ನಂತರ ಎಷ್ಟು ಹೊಸ ಚಾಪೆಗಳು ಬೇಕೆಂಬುದನ್ನು ಸಂಘದ ಸಭೆಯಲ್ಲಿ ತೀರ್ಮಾನಿಸುವುದು.