ಅಣಕು ಪರೀಕ್ಷೆಯ ಹಿಂದಿನ ರಾತ್ರಿ

ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳ ವೇಳಾಪಟ್ಟಿ ಸಿಇಟಿ ಅಣಕು ಪರೀಕ್ಷೆಯ ಹಿಂದಿನ ಸಂಜೆ ಕೈಕೊಟ್ಟಿದೆ. ಗೋಡೆಗೆ ಅಂಟಿಸಿದ ಆ ಹಾಳೆಯಲ್ಲಿ ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ಒಂದು ಚೌಕವೂ ಖಾಲಿಯಿಲ್ಲ. ಸೋಮವಾರ ಮುಗಿಯದ ವಿದ್ಯುತ್ಕಾಂತೀಯ ಪ್ರೇರಣೆ ಮಂಗಳವಾರಕ್ಕೆ ಜಾರಿದೆ, ಮಂಗಳವಾರದ ಪಾಠ ಬುಧವಾರಕ್ಕೆ. ಹಾಳೆಯಲ್ಲಿ ಪಾಠಗಳ ಹೆಸರಿಗಿಂತ ಬಾಣದ ಗುರುತುಗಳೇ ಹೆಚ್ಚಾಗಿವೆ. ಪಟ್ಟಿ ಸೋತಿದೆ ಎನ್ನಲು ಇಷ್ಟು ಸಾಕು.

ಬಾಕಿ ಉಳಿದ ನಾಲ್ಕು ಅಧ್ಯಾಯಗಳನ್ನು ಅವಳು ಮೊದಲು ಆ ರಾತ್ರಿಯಿಂದ ಹೊಡೆದುಹಾಕುತ್ತಾಳೆ. ಕಷ್ಟದ ನಿರ್ಧಾರ, ಆದರೆ ಸರಿಯಾದದ್ದು. ಅಣಕು ಪರೀಕ್ಷೆಯ ಅಂಕ ರ್‍ಯಾಂಕಿಗೆ ಸೇರುವುದಿಲ್ಲ. ಓದದ ಪಾಠದಲ್ಲಿ ಹೋದ ಅಂಕ ಮುಂದೆ ಎಲ್ಲಿ ಶ್ರಮ ಹಾಕಬೇಕೆಂದು ತೋರಿಸುತ್ತದೆ. ಉಳಿದ ಎರಡು ಗಂಟೆ ಹಿಂದೆ ತಪ್ಪಿದ ಲೆಕ್ಕಗಳಿಗೆ, ಹತ್ತೂವರೆಗೆ ನಿದ್ದೆ. ಓದಿದ್ದು ನೆನಪಿನಲ್ಲಿ ನೆಲೆಯೂರಲು ನಿದ್ದೆಯೂ ಬೇಕು.

ಮುಂದಿನ ವಾರದ ಹಾಳೆಯಲ್ಲಿ ಅವಳು ಪರೀಕ್ಷೆಯ ಅಳತೆಯನ್ನೇ ಹಿಡಿಯುತ್ತಾಳೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು. ಹಾಗಾಗಿ ಅಭ್ಯಾಸದ ಒಂದು ಪಾಳಿಗೆ 80 ನಿಮಿಷ, ಅದರ ಬೆನ್ನಿಗೇ ತಪ್ಪು ತಿದ್ದಲು 40 ನಿಮಿಷ. ಹಳೆಯ ಪಟ್ಟಿಯಲ್ಲಿ ತಿದ್ದುವ ಕೆಲಸಕ್ಕೆ ಜಾಗವೇ ಇರಲಿಲ್ಲ. ಪಾಠಗಳು ಜಾರಿದ್ದು ಮುಖ್ಯವಾಗಿ ಅದರಿಂದಲೇ. ಬುಧವಾರ ಮತ್ತು ಭಾನುವಾರದ ಸಂಜೆಗಳನ್ನು ಅವಳು ಖಾಲಿ ಬಿಡುತ್ತಾಳೆ, ಜಾರಿದ ಪಾಠ ಅಲ್ಲಿಗೆ ಬರಲೆಂದು. ಆ ಎರಡೂ ಸಂಜೆ ತುಂಬಿ ಮತ್ತೂ ಬಾಕಿ ಉಳಿದರೆ ಹೊರೆ ಇನ್ನೂ ಹೆಚ್ಚೇ ಇದೆ. ಆಗ ದಿನಕ್ಕೊಂದು ಪಾಳಿ ಕಡಿಮೆ ಮಾಡಬೇಕಾಗುತ್ತದೆ.