ನಿಶ್ಚಿತಾರ್ಥದ ಸುದ್ದಿ ಗೆಳೆಯರಿಗೆ: ಏನು ಹೇಳಬೇಕು, ಏನು ಬಿಡಬೇಕು

ನಿಶ್ಚಿತಾರ್ಥದ ದಿನ ನಮ್ಮ ಮನೆಗಳಲ್ಲಿ ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ. ಒಂದು ಎಲ್ಲರೆದುರಿನದು: ಪುರೋಹಿತರು ಲಗ್ನಪತ್ರಿಕೆ ಓದುತ್ತಾರೆ, ಎರಡೂ ಕಡೆಯವರು ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಹಣ್ಣಿಟ್ಟ ತಟ್ಟೆ ಬದಲಾಯಿಸಿಕೊಳ್ಳುತ್ತಾರೆ, ಹುಡುಗ ಹುಡುಗಿ ಉಂಗುರ ತೊಡಿಸುತ್ತಾರೆ. ಇನ್ನೊಂದು ಒಳಕೋಣೆಯದು: ಮದುವೆ ಯಾರ ಊರಲ್ಲಿ, ಛತ್ರದ ಬಾಡಿಗೆ ಯಾರದು, ದಿಬ್ಬಣದಲ್ಲಿ ಎಷ್ಟು ಜನ, ಯಾರ್‍ಯಾರಿಗೆ ಸೀರೆ, ಬೀಗರೂಟ ಎಂದು. ಗೆಳೆಯರಿಗೆ ಹೋಗಬೇಕಾದದ್ದು ಮೊದಲನೆಯದರ ಸುದ್ದಿ. ಆದರೆ ಪೋಸ್ಟ್ ಬರೆಯಲು ಕೂತವರ ತಲೆಯಲ್ಲಿ ಆಗ ಗುಂಯ್‌ಗುಡುತ್ತಿರುವುದು ಎರಡನೆಯದು. ಅದು ಗೊತ್ತಾಗದ ಹಾಗೆ ಬರಹದೊಳಗೆ ನುಸುಳಿಬಿಡುತ್ತದೆ.

ಹೇಗೆ ನುಸುಳುತ್ತದೆ ಎನ್ನಲು ಒಂದು ಕಲ್ಪಿತ ಉದಾಹರಣೆ ನೋಡೋಣ. ದಾವಣಗೆರೆಯ ಹುಡುಗಿಯ ಹೆಸರು ಅನಿತಾ, ಶಿರಸಿಯ ಹುಡುಗನ ಹೆಸರು ರವಿ ಎಂದಿಟ್ಟುಕೊಳ್ಳಿ. ಧಾರವಾಡದಲ್ಲಿ ಒಟ್ಟಿಗೆ ಓದಿದವರು. ಅತಿಥಿಗಳು ಹೊರಟ ಮೇಲೆ ಅನಿತಾ ಬರೆದ ಮೊದಲ ಕರಡು ಇದು:

“ಕೊನೆಗೂ ನಮ್ಮ ನಿಶ್ಚಿತಾರ್ಥ ಆಯಿತು! ಆರು ತಿಂಗಳ ಮಾತುಕತೆಯ ನಂತರ ಎರಡೂ ಮನೆಯವರು ಒಪ್ಪಿದರು. ರವಿ ಮನೆಯವರು ಎಷ್ಟು ಒಳ್ಳೆಯವರೆಂದರೆ ಏನೂ ಕೇಳಲಿಲ್ಲ. ಅಪ್ಪ ತುಂಬಾ ಅದ್ದೂರಿಯಾಗಿ ನಡೆಸಿಕೊಟ್ಟರು. ಮದುವೆ ನವೆಂಬರಿನಲ್ಲಿ, ಎಲ್ಲರೂ ಬರಬೇಕು!”

ಬರೆದವಳ ಮನಸ್ಸಿನಲ್ಲಿ ಇರುವುದು ಸಂತೋಷವೇ. ಆದರೆ ಓದುವವರು ಒಂದೊಂದು ವಾಕ್ಯಕ್ಕೂ ಒಂದೊಂದು ಪ್ರಶ್ನೆ ಹಾಕಿಕೊಳ್ಳುತ್ತಾರೆ. “ಕೊನೆಗೂ” ಎಂದರೆ ಯಾರು ಬೇಡ ಅಂದಿದ್ದರು? ಆರು ತಿಂಗಳು ಮಾತಾಡುವಂಥದ್ದು ಏನಿತ್ತು, ಜಾತಿಯೋ ಜಾತಕವೋ? ಮೊದಲು ಒಪ್ಪದಿದ್ದವರು ರವಿಯ ತಾಯಿಯಾಗಿದ್ದರೆ, ಈಗ ಮನಸಾರೆ ಒಪ್ಪಿ ತಟ್ಟೆ ಹಿಡಿದು ನಿಂತಿದ್ದರೂ ಆ ಒಂದು ಪದ ಅವರನ್ನು ನೆಂಟರಿಷ್ಟರ ಮುಂದೆ ಮತ್ತೆ ಒಪ್ಪದವರನ್ನಾಗಿ ಮಾಡುತ್ತದೆ.

ಎಲ್ಲಕ್ಕಿಂತ ತೊಡಕಿನದು “ಏನೂ ಕೇಳಲಿಲ್ಲ” ಎಂಬ ಮಾತು. ಹೊಗಳಿಕೆಯ ಹಾಗೆ ಕಾಣುವುದರಿಂದ ಇದನ್ನು ಯಾರೂ ಅನುಮಾನಿಸುವುದಿಲ್ಲ. ಆದರೆ ವರದಕ್ಷಿಣೆ ಕೇಳುವುದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಅಪರಾಧ ಮಾಡಲಿಲ್ಲ ಎಂದು ಬೀಗರನ್ನು ಮೆಚ್ಚಿಕೊಂಡರೆ, ಕೇಳುವ ಹಕ್ಕು ಅವರಿಗಿತ್ತು, ದೊಡ್ಡ ಮನಸ್ಸು ಮಾಡಿ ಬಿಟ್ಟರು ಎಂದಂತಾಗುತ್ತದೆ. ಇಷ್ಟು ಸಾಲದು ಎಂಬಂತೆ, ಅದೇ ಗುಂಪಿನಲ್ಲಿರುವ ಇನ್ನೊಬ್ಬ ಗೆಳತಿಯ ಮನೆಯಲ್ಲಿ ಕೊಟ್ಟು ತಗೊಂಡದ್ದು ನಡೆದಿದ್ದರೆ ಅವಳಿಗೆ ಈ ಸಾಲು ಚುಚ್ಚುತ್ತದೆ. ಹಣದ ಮಾತನ್ನು ಹೊರಗಿಡುವುದೆಂದರೆ ಹಣ ಇರಲಿಲ್ಲ ಎಂಬ ಮಾತನ್ನೂ ಹೊರಗಿಡುವುದು.

“ಅಪ್ಪ ಅದ್ದೂರಿಯಾಗಿ ನಡೆಸಿಕೊಟ್ಟರು” ಎಂಬುದು ಖರ್ಚು ಯಾರದೆಂದು ಬಿಟ್ಟುಕೊಡುತ್ತದೆ. ಊಟದ ಖರ್ಚನ್ನು ರವಿಯ ಮನೆಯವರು ಹಂಚಿಕೊಂಡಿದ್ದರೆ ಅವರಿಗೆ ಮುಜುಗರ, ಹಂಚಿಕೊಳ್ಳದಿದ್ದರೆ ಇನ್ನೂ ಮುಜುಗರ. ಕೊನೆಯ ಸಾಲಿನದು ಬೇರೆ ತೊಂದರೆ. ಛತ್ರ ಸಿಕ್ಕಿ ಮುಹೂರ್ತ ಗಟ್ಟಿಯಾಗುವವರೆಗೆ ತಿಂಗಳು ಹೇಳಿದರೆ, ದೂರದೂರಿನ ಗೆಳೆಯರು ರಜೆ ಹಾಕಿ ರೈಲಿನ ಟಿಕೆಟ್ ಮಾಡಿಸಿಬಿಡಬಹುದು. “ಎಲ್ಲರೂ ಬರಬೇಕು” ಎಂದಾಗ, ಎಷ್ಟು ಜನ ಎಂದು ಒಳಗೆ ಇನ್ನೂ ಲೆಕ್ಕ ಹಾಕುತ್ತಿರುವ ಹಿರಿಯರ ಕೈ ಕಟ್ಟಿದಂತಾಗುತ್ತದೆ.

ಹಾಗಾದರೆ ಉಳಿಯುವುದೇನು? ಎಲ್ಲವನ್ನೂ ತೆಗೆದರೆ “ನಿಶ್ಚಿತಾರ್ಥ ಆಯಿತು, ಹರಸಿ” ಎಂಬ ಒಣ ಸಾಲು ಮಾತ್ರ ಉಳಿಯುತ್ತದೆ ಎಂಬ ಅಳುಕು ಸಹಜ. ಆ ಜಾಗ ತುಂಬಲೆಂದೇ ಜನ “ಕನಸು ನನಸಾಯಿತು” ಎಂಬ ಸವೆದ ಮಾತಿಗೆ ಕೈಹಾಕುತ್ತಾರೆ. ಗೆಳೆಯರಿಗೆ ಬೇಕಾದದ್ದು ಅವರಿಬ್ಬರಿಗೆ ಮಾತ್ರ ಸೇರಿದ ಒಂದು ಸಣ್ಣ ಸಂಗತಿ. ಅನಿತಾ ಎರಡನೇ ಸಲ ಬರೆದದ್ದು ಹೀಗೆ:

“ಗೆಳೆಯರೇ, ಭಾನುವಾರ ದಾವಣಗೆರೆಯ ನಮ್ಮ ಮನೆಯಲ್ಲಿ ನನ್ನ ಮತ್ತು ರವಿಯ ನಿಶ್ಚಿತಾರ್ಥ ಆಯಿತು. ಧಾರವಾಡದಲ್ಲಿ ನನ್ನ ನೋಟ್ಸ್ ಒಯ್ದು, ಪರೀಕ್ಷೆ ಮುಗಿದ ಮೇಲೆ ತಂದುಕೊಟ್ಟ ಮಹಾನುಭಾವ ಇವನೇ. ತಾಂಬೂಲ ಬದಲಾಯಿಸಿದ ಮೇಲೆ ನಮ್ಮಜ್ಜಿ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ‘ಆ ನೋಟ್ಸಿನ ಹುಡುಗ ನೀನೇ ಏನಪ್ಪಾ?’ ಅಂತ ಕೇಳಿದಳು. ಮದುವೆಯ ದಿನ ಗೊತ್ತಾದ ಕೂಡಲೇ ನಾವೇ ತಿಳಿಸುತ್ತೇವೆ. ಅಲ್ಲಿಯವರೆಗೆ ನಿಮ್ಮ ಹಾರೈಕೆ ಇರಲಿ. ಅನಿತಾ, ರವಿ.”

ಮೊದಲಿನದಕ್ಕಿಂತ ಇದು ಉದ್ದವೇ ಇದೆ, ಆದರೆ ಮುಚ್ಚಿಟ್ಟದ್ದರ ವಾಸನೆ ಎಲ್ಲೂ ಇಲ್ಲ. ನೋಟ್ಸಿನ ವಿಷಯ ಹಳೆಯ ಸಹಪಾಠಿಗಳಿಗೆ ಗೊತ್ತಿರುವುದರಿಂದ ಅವರು ನಗುತ್ತಾರೆ. ಗೊತ್ತಿಲ್ಲದವರಿಗೆ ರವಿ ಎಂಥವನೆಂದು ಒಂದೇ ವಾಕ್ಯದಲ್ಲಿ ತಿಳಿಯುತ್ತದೆ. ಅಜ್ಜಿಯ ಮಾತು ಮನೆಯವರು ಅವನನ್ನು ಒಪ್ಪಿಕೊಂಡಿದ್ದನ್ನು “ಒಪ್ಪಿದರು” ಎನ್ನದೆಯೇ ತೋರಿಸುತ್ತದೆ. ಹುದ್ದೆ, ಕಂಪನಿ, ಸಂಬಳ ಇಲ್ಲವೇ ಇಲ್ಲ. ಇಬ್ಬರ ಹೆಸರೂ ಕೆಳಗಿರುವುದರಿಂದ ಇದು ಒಂದು ಕಡೆಯವರ ಸುದ್ದಿಯಾಗಿ ಕಾಣುವುದಿಲ್ಲ.

ಬರಹದಲ್ಲಿ ತಡೆದದ್ದು ಫೋಟೊದಲ್ಲಿ ಹೊರಬೀಳುವುದೂ ಉಂಟು. ತಟ್ಟೆ ಬದಲಾಯಿಸುವ ಚಿತ್ರವನ್ನು ಒಮ್ಮೆ ಹಿಗ್ಗಿಸಿ ನೋಡಬೇಕು: ಎಲೆ ಅಡಿಕೆಯ ಪಕ್ಕದಲ್ಲಿ ನೋಟಿನ ಕಂತೆ, ತೆರೆದಿಟ್ಟ ಒಡವೆಯ ಡಬ್ಬಿ, ಬೆಲೆಚೀಟಿ ತೆಗೆಯದ ಸೀರೆ ಇರಬಹುದು. ಲಗ್ನಪತ್ರಿಕೆಯ ಚಿತ್ರವಿದ್ದರೆ ಅದರಲ್ಲಿ ಮುಹೂರ್ತ, ಗೋತ್ರ, ಹಿರಿಯರ ಹೆಸರುಗಳು ಓದಲು ಬರುತ್ತವೆ. ಉಂಗುರ ತೊಡಿಸುವ ಚಿತ್ರ, ಇಬ್ಬರೂ ನಗುತ್ತಿರುವುದು, ಒಂದೇ ಒಂದು ಸಾಕು.

ಇನ್ನು, ಪೋಸ್ಟ್ ಹಾಕುವ ಹೊತ್ತು. ಸಮಾರಂಭಕ್ಕೆ ಬರಲಾಗದ ಸೋದರಮಾವ, ಚಿಕ್ಕಮ್ಮ, ದೊಡ್ಡಪ್ಪ ಇವರಿಗೆ ಮೊದಲು ಫೋನ್ ಹೋಗಬೇಕು. “ನಮಗೆ ಸ್ಟೇಟಸ್ ನೋಡಿ ಗೊತ್ತಾಗಬೇಕಾಯ್ತಾ?” ಎಂಬ ಮುನಿಸು ಮದುವೆಯ ಚಪ್ಪರದವರೆಗೂ ಉಳಿಯುತ್ತದೆ. ಹಾಕುವ ಮುನ್ನ ಇನ್ನೊಬ್ಬರು ಒಮ್ಮೆ ಓದಲಿ. ತನ್ನ ಮನೆಗೆ ಯಾವ ಪದ ನಾಟುತ್ತದೆ ಎಂಬುದು ಬರೆದವರಿಗಿಂತ ಆ ಮನೆಯವರಿಗೇ ಬೇಗ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಪೋಸ್ಟಿನಲ್ಲಿ ಬಿಡುವುದು ಬೇರೆ, ನಡೆದ ತಪ್ಪಿಗೆ ಬಾಯಿ ಮುಚ್ಚಿಕೊಂಡಿರುವುದು ಬೇರೆ. ಒಳಕೋಣೆಯಲ್ಲಿ ಹಣ, ಒಡವೆ, ಕಾರು ಎಂದು ಬೇಡಿಕೆ ಬಂದಿದ್ದರೆ ಅದರ ಜಾಗ ಪೊಲೀಸ್ ಠಾಣೆ. ಸಲಹೆ ಬೇಕಾದರೆ 181 ಮಹಿಳಾ ಸಹಾಯವಾಣಿ ಇದೆ. ಪ್ರೀತಿಯಿಂದ ಬಂದ ಉಡುಗೊರೆಗೂ ಒಂದು ಜಾಗವಿದೆ: ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿ ಇಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ಏನು ಕೊಟ್ಟರು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ನೆಂಟಸ್ತಿಕೆ ಏನು ಎಂದು ಬರೆದು ವಧೂವರರು ಸಹಿ ಹಾಕಬೇಕು. ಹಣದ ಲೆಕ್ಕ ಆ ಪಟ್ಟಿಯಲ್ಲಿರಲಿ. ಗೆಳೆಯರಾರಾದರೂ “ಮಾತುಕತೆ ಎಲ್ಲ ಸಲೀಸಾಗಿ ಆಯ್ತಾ?” ಎಂದು ಕೆದಕಿದರೆ, “ಊಟಕ್ಕೆ ಬಾ, ಕೂತು ಮಾತಾಡೋಣ” ಎಂದರೆ ಸಾಕು. ನಿಜವಾದ ಗೆಳೆಯರು ಬರುತ್ತಾರೆ, ಬರೀ ಕುತೂಹಲಕ್ಕೆ ಕೇಳಿದವರು ಅಲ್ಲಿಗೇ ಬಿಡುತ್ತಾರೆ.