ಇಲ್ಲದ ಬಾಗಿಲಿಗೆ ತಲೆ ಬಾಗಿಸಿದ ಅಜ್ಜಿ

ಡಚ್ ಕಲಾವಿದ ಮೈಕೆಲ್ ಡುಡೋಕ್ ಡೆ ವಿಟ್ 2000ದಲ್ಲಿ ಮಾಡಿದ ‘ಫಾದರ್ ಅಂಡ್ ಡಾಟರ್’ ಎಂಟೂವರೆ ನಿಮಿಷದ ಆನಿಮೇಷನ್ ಚಿತ್ರ. ಒಂದೂ ಮಾತಿಲ್ಲ. ದಂಡೆಯ ಮೇಲೆ ಪುಟ್ಟ ಮಗಳನ್ನು ಬಿಟ್ಟು ತಂದೆ ದೋಣಿ ಹತ್ತಿ ಹೋಗುತ್ತಾನೆ, ತಿರುಗಿ ಬರುವುದಿಲ್ಲ. ಮಗಳು ಸೈಕಲ್ ತುಳಿದುಕೊಂಡು ಅದೇ ದಂಡೆಗೆ ಬರುತ್ತಲೇ ಇರುತ್ತಾಳೆ. ತರುಣಿಯಾಗಿ, ತಾಯಿಯಾಗಿ, ಕೊನೆಗೆ ಮುದುಕಿಯಾಗಿ. ಮುದುಕಿ ಸೈಕಲ್ ನಿಲ್ಲಿಸುತ್ತಾಳೆ, ಅದು ಬೀಳುತ್ತದೆ. ಎತ್ತಿ ನಿಲ್ಲಿಸುತ್ತಾಳೆ, ಮತ್ತೆ ಬೀಳುತ್ತದೆ. ಕಡೆಗೆ ಬಿದ್ದಲ್ಲೇ ಬಿಟ್ಟು ಮುಂದೆ ನಡೆಯುತ್ತಾಳೆ. ಮುಖ ಸರಿಯಾಗಿ ಕಾಣುವುದೂ ಇಲ್ಲ, ದೂರದಿಂದ ಕಾಣುವ ಆಕೃತಿಯಷ್ಟೇ. ಆದರೂ ಇವಳಿಗೆ ಇನ್ನು ಮನೆಗೆ ಹೋಗುವ ಇರಾದೆ ಇಲ್ಲವೆಂದು ನಮಗೆ ತಿಳಿಯುತ್ತದೆ.

ಮರುವರ್ಷ ಚಿತ್ರಕ್ಕೆ ಆಸ್ಕರ್ ಬಂತು. ನಮ್ಮ ದೇಶದಲ್ಲಿ ಗೀತಾಂಜಲಿ ರಾವ್ ಅವರ ‘ಪ್ರಿಂಟೆಡ್ ರೇನ್‌ಬೋ’ 2006ರಲ್ಲಿ ಕಾನ್ ಉತ್ಸವದ ವಿಮರ್ಶಕರ ವಾರದಲ್ಲಿ ಪ್ರಶಸ್ತಿ ಪಡೆಯಿತು. ಒಂಟಿ ಮುದುಕಿ, ಅವಳ ಬೆಕ್ಕು, ಕಡ್ಡಿಪೆಟ್ಟಿಗೆಯ ಚಿತ್ರಗಳು, ಅಲ್ಲಿಯೂ ಮಾತಿಲ್ಲ.

ಇಂಥದನ್ನು ಬರೆಯುವುದು ಹೇಗೆ? ನಮ್ಮ ಕಡೆಯವರಿಗೆ ಇದು ಸ್ವಲ್ಪ ಕಷ್ಟವೇ. ನಾವು ಶ್ರೀಕೃಷ್ಣ ಪಾರಿಜಾತ ನೋಡಿ ಬೆಳೆದವರು. ಅಲ್ಲಿ ಭಾಗವತ ಕೇಳುತ್ತಾನೆ, ಪಾತ್ರ ತನ್ನ ಮನಸ್ಸಿನದನ್ನೆಲ್ಲ ಹಾಡಿ ಹೇಳುತ್ತದೆ. ಇಲ್ಲಿ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ‘ಅಜ್ಜಿಗೆ ಊರು ನೆನಪಾಯಿತು’ ಎಂದು ಬರೆದರೆ ಚಿತ್ರ ಬಿಡಿಸುವವನಿಗೆ ಅದರಿಂದ ಏನೂ ಸಿಗದು. ಕಣ್ಣಿಗೆ ಕಾಣುವ ಕೆಲಸವನ್ನೇ ಬರೆಯಬೇಕು.

ಬೀಳಗಿಯ ಕತೆಯನ್ನೇ ತೆಗೆದುಕೊಳ್ಳೋಣ. ಆಲಮಟ್ಟಿಯ ಹಿನ್ನೀರಿನಲ್ಲಿ ಈ ತಾಲ್ಲೂಕಿನ ಹಳ್ಳಿಗಳು ಮುಳುಗಿ, ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಬೇಸಿಗೆಯಲ್ಲಿ ನೀರು ಸರಿದಾಗ ಒಬ್ಬ ಅಜ್ಜಿ ಮೊಮ್ಮಗಳ ಕೈಹಿಡಿದು ಹಳೆಯ ಊರಿನ ಜಾಗಕ್ಕೆ ಬರುತ್ತಾಳೆ. ಅಲ್ಲಿ ಬಿರುಕು ಬಿಟ್ಟ ಕೆಸರು ಬಿಟ್ಟರೆ ಗೋಡೆಯಿಲ್ಲ, ಓಣಿಯಿಲ್ಲ. ಮೊಮ್ಮಗಳು ನೆಟ್ಟಗೆ ಓಡುತ್ತಾಳೆ. ಅಜ್ಜಿ ಮಾತ್ರ ಇಲ್ಲದ ಓಣಿಯ ತಿರುವಿನಲ್ಲಿ ತಿರುಗುತ್ತಾಳೆ, ಒಂದು ಕಡೆ ಚಪ್ಪಲಿ ಬಿಡುತ್ತಾಳೆ, ತಲೆ ಬಾಗಿಸಿ, ಕಾಲೆತ್ತಿ ಹೊಸ್ತಿಲು ದಾಟುತ್ತಾಳೆ. ಅಲ್ಲಿ ಹೊಸ್ತಿಲೇ ಇಲ್ಲ.

ಕತೆ ಇಷ್ಟೇ. ಆದರೆ ಹೀಗೇ ತೋರಿಸಿದರೆ ನೋಡುವವರು ‘ಅಜ್ಜಿ ಯಾಕೆ ಬಾಗಿದಳು, ಏನಾದರೂ ಬಿತ್ತೇ?’ ಎಂದು ಕೇಳುತ್ತಾರೆ. ಆದ್ದರಿಂದ ಮೊದಲ ದೃಶ್ಯದಲ್ಲೇ ಬೀಜ ಬಿತ್ತಬೇಕು: ಪುನರ್ವಸತಿ ಕೇಂದ್ರದ ಸಿಮೆಂಟು ಮನೆ, ಎತ್ತರದ ಬಾಗಿಲು. ಮೊಮ್ಮಗಳು ತಲೆಯೆತ್ತಿಕೊಂಡೇ ಹೊರಗೆ ಬರುತ್ತಾಳೆ, ಹಿಂದೆ ಬಂದ ಅಜ್ಜಿ ಸುಮ್ಮಸುಮ್ಮನೆ ತಲೆ ಬಾಗಿಸುತ್ತಾಳೆ. ಆಗ ಅದು ಬರೀ ಅಭ್ಯಾಸದಂತೆ ಕಾಣುತ್ತದೆ. ಕೆಸರಿನ ಮೇಲೆ ಮತ್ತೆ ಬಾಗಿದಾಗ, ಆ ಗಿಡ್ಡ ಬಾಗಿಲು ಎಲ್ಲಿಯದೆಂದು ನೋಡುವವರೇ ಕಂಡುಕೊಳ್ಳುತ್ತಾರೆ.

ಎಲ್ಲಿಂದ ತೋರಿಸಬೇಕು ಎಂಬುದೂ ಬರಹದ ಕೆಲಸವೇ. ಎದುರಿನಿಂದ ತೋರಿಸಿದರೆ ತಲೆ ಬಾಗಿದ್ದೂ ಕಾಲೆತ್ತಿದ್ದೂ ಮೈಯೊಳಗೇ ಮುಚ್ಚಿಹೋಗುತ್ತವೆ. ಪಕ್ಕದಿಂದ, ದೂರದಿಂದ, ಹಿಂದೆ ಖಾಲಿ ಆಕಾಶವಿರುವಂತೆ ನಿಲ್ಲಿಸಬೇಕು. ಆಕೃತಿಗೆ ಪೂರ್ತಿ ಕಪ್ಪು ಬಳಿದರೂ ಏನು ನಡೆಯುತ್ತಿದೆ ಎಂದು ತಿಳಿದರೆ ನಿಲುವು ಸರಿಯಾಗಿದೆ. ಅಜ್ಜಿ ಬಾಗುವ ಹೊತ್ತಿಗೆ ಮೊಮ್ಮಗಳು ಓಡುತ್ತಿರಬಾರದು. ಕಣ್ಣು ಓಡುವವಳ ಹಿಂದೆ ಹೋಗಿಬಿಡುತ್ತದೆ.

ಉಳಿದದ್ದು ಗತಿ. ಸೆಕೆಂಡಿಗೆ 24 ಫ್ರೇಮ್. ಎಂಟು ಫ್ರೇಮಿನೊಳಗೆ ಬಾಗಿ ಎದ್ದರೆ ಅಜ್ಜಿ ಎಡವಿದಂತೆ ಕಾಣುತ್ತಾಳೆ. ಎರಡು ಸೆಕೆಂಡು ಎಳೆದರೆ ನಮಸ್ಕಾರ ಮಾಡಿದಂತಾಗುತ್ತದೆ. ಬಾಗುವ ಮುಂಚೆ ಅರೆ ಸೆಕೆಂಡಿನ ನಿಲುಗಡೆ, ಬಾಗಲು ಮುಕ್ಕಾಲು ಸೆಕೆಂಡು ಎಂದು ಬರೆದುಕೊಂಡು ಶುರುಮಾಡಬಹುದು. ಆಮೇಲೆ ಕಚ್ಚಾ ಚಿತ್ರಗಳನ್ನೇ ಹೊತ್ತಿಗೆ ತಕ್ಕಂತೆ ಜೋಡಿಸಿ, ಅಂದರೆ ಆನಿಮ್ಯಾಟಿಕ್ ಮಾಡಿ, ಕತೆ ಗೊತ್ತಿಲ್ಲದವರಿಗೆ ತೋರಿಸಿ ‘ಏನಾಯಿತು?’ ಎಂದಷ್ಟೇ ಕೇಳಬೇಕು. ಸಂಗೀತ ಹಾಕದೆ ತೋರಿಸುವುದು ಮುಖ್ಯ. ಸಂಗೀತವಿದ್ದರೆ ಬರಹದ ತೂತುಗಳನ್ನು ಅದು ಮುಚ್ಚಿಬಿಡುತ್ತದೆ. ‘ಅಜ್ಜಿಗೆ ದುಃಖವಾಯಿತು’ ಎಂದು ಅವರು ಹೇಳಿದರೆ ಸಾಲದು. ‘ಅಲ್ಲೇ ಬಾಗಿಲು ಇತ್ತೇನೋ’ ಎಂದರೆ ದೃಶ್ಯ ನಿಂತಿತು.

ಅಜ್ಜಿಯ ಕಣ್ಣೀರನ್ನು ಹತ್ತಿರದಿಂದ ತೋರಿಸುವ ಆಸೆಯನ್ನು ಬಿಡಲೇಬೇಕೆಂದು ನನಗೆ ಅನಿಸುತ್ತದೆ. ಅವಳು ಅತ್ತರೆ ನೋಡುವವರಿಗೆ ಕೆಲಸ ಉಳಿಯುವುದಿಲ್ಲ. ಅದಕ್ಕಿಂತ, ಮರಳುವಾಗ ಮೊಮ್ಮಗಳೂ ಅದೇ ಜಾಗದಲ್ಲಿ ತಲೆ ಬಾಗಿಸಲಿ. ಅವಳು ಗಿಡ್ಡ, ಬಾಗುವ ಅಗತ್ಯವೇ ಇಲ್ಲ.

ಇದಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿ ಇನ್ನೂ ಇದೆ. ಮುಳುಗಿದ ಮನೆಯ ಬಾಗಿಲು ಎಷ್ಟು ಗಿಡ್ಡದಿತ್ತು, ಯಾವ ಕೈಯಿಂದ ಚೌಕಟ್ಟು ಹಿಡಿದು ಒಳಗೆ ಹೋಗುತ್ತಿದ್ದರು ಎಂದು ಮೈಯಿಂದಲೇ ತೋರಿಸಬಲ್ಲ ಹಿರಿಯರಿದ್ದಾರೆ. ಆದರೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಮುಂದಿದೆ. ಮುಳುಗಲಿರುವ ಊರುಗಳಲ್ಲಿ ಗಿಡ್ಡ ಬಾಗಿಲಿನ ಮನೆಗಳು ಇನ್ನೂ ಇವೆ, ಜನ ಇನ್ನೂ ಬಾಗಿಯೇ ಒಳಗೆ ಹೋಗುತ್ತಾರೆ. ಪೆನ್ಸಿಲ್ ಹಿಡಿದ ಹುಡುಗರು ಯಾರಾದರೂ ಅಲ್ಲಿ ನಾಲ್ಕು ದಿನ ಕೂತು ಬಂದಾರೇ?